ಮೈ ಬದಲಿಸಿಕೊಂಡವರಿಗೆ ಏನಂತ ಹೇಳೋದು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಜಿಮ್ ಟ್ರೈನರ್. ಯಾರಾದರೂ ‘ಮೊದಲು’, ‘ಈಗ’ ಅಂತ ಎರಡು ಫೋಟೋ ಹಂಚಿಕೊಂಡಾಗ ಅವರ ಅಣ್ಣತಮ್ಮಂದಿರು, ಗೆಳತಿಯರು, ಆಫೀಸಿನವರು ನನ್ನ ಹತ್ತಿರ ಬಂದು ಕೇಳುವ ಪ್ರಶ್ನೆಗಳು ಇವು. ಮೊದಮೊದಲ ಪ್ರಶ್ನೆಗಳು ಮೇಲೆ ಇವೆ, ಸ್ವಲ್ಪ ಕಷ್ಟದವು ಕೆಳಗೆ.

## ಶುರುವಿನ ಪ್ರಶ್ನೆಗಳು

“ಚೆನ್ನಾಗಿ ಕಾಣ್ತಿದೀರಿ ಅಂದ್ರೆ ಏನ್ ತಪ್ಪು? ಅವರು ಫೋಟೋ ಹಾಕಿರೋದೇ ಅದಕ್ಕಲ್ವಾ?”

ತಪ್ಪೇನಿಲ್ಲ. ಕೇಳಿದವರಿಗೆ ಖುಷಿಯೂ ಆಗುತ್ತದೆ. ಆದರೆ ಆ ಮಾತು ಫೋಟೋಗೆ ಅಂಟಿಕೊಳ್ಳುತ್ತದೆ. ಫೋಟೋ ತೆಗೆದದ್ದು ಅವರು ಅತಿ ಚೆನ್ನಾಗಿ ಕಾಣುವ ದಿನ. ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ಮೇಲಿನಿಂದ ಬೆಳಕು ಬೀಳುವ ಜಾಗದಲ್ಲಿ. ಒಂದು ವಾರ ಮದುವೆ ಊಟ ಮಾಡಿದರೆ ಅದೇ ಹೊಟ್ಟೆ ಬೇರೆ ಥರ ಕಾಣುತ್ತದೆ. ಆಗ ಕನ್ನಡಿ ಮುಂದೆ ನಿಂತವರಿಗೆ ನಿಮ್ಮ ಮಾತು ನೆನಪಾಗಿ ಸಮಾಧಾನಕ್ಕಿಂತ ಭಯವೇ ಜಾಸ್ತಿ ಆಗುತ್ತದೆ.

ಇನ್ನೊಂದು ವಿಷಯ ‘ಮೊದಲು’ ಫೋಟೋದ್ದು. “ಅಬ್ಬಾ, ಎಷ್ಟು ದಪ್ಪ ಇದ್ರಿ!” ಅಂತ ಹೊಗಳಿಕೆಯ ಜೊತೆಗೇ ಬಂದುಬಿಡುತ್ತದೆ. ಆ ಫೋಟೋದಲ್ಲಿ ಇರುವವರೂ ಅವರೇ. ಬೆಳಿಗ್ಗೆ ಐದಕ್ಕೆ ಎದ್ದು ಶೂ ಹಾಕಿಕೊಂಡು ಮೊದಲ ದಿನ ಹೊರಗೆ ಹೋದದ್ದು ಆ ದಪ್ಪ ಮನುಷ್ಯನೇ. ಮೊದಲ ದಿನದ ಶ್ರಮ ಎಲ್ಲಕ್ಕಿಂತ ಕಷ್ಟದ್ದು ಅಂತ ನಾನು ಹೇಳುತ್ತೇನೆ. ಉಸಿರು ಕಟ್ಟುತ್ತಿತ್ತು, ಟ್ರ್ಯಾಕ್ ಪ್ಯಾಂಟ್ ಬಿಗಿ ಆಗುತ್ತಿತ್ತು, ಜನ ನೋಡುತ್ತಿದ್ದರು. ಆ ಫೋಟೋವನ್ನು ಹೀಯಾಳಿಸಬೇಡಿ.

ನಮ್ಮ ಹಿರಿಯರು ಮೈಕಟ್ಟನ್ನು ಬಾಯಿ ತುಂಬಾ ಹೊಗಳುತ್ತಿರಲಿಲ್ಲ, ದೃಷ್ಟಿ ಆಗುತ್ತೆ ಅನ್ನುತ್ತಿದ್ದರು. ಕಾರಣ ಏನೇ ಇರಲಿ, ಆ ಹಿಂಜರಿಕೆ ಇಲ್ಲಿ ಉಪಯೋಗಕ್ಕೆ ಬರುತ್ತದೆ.

“ಹಾಗಾದ್ರೆ ಏನಂತ ಬರೀಬೇಕು? ಒಂದು ಉದಾಹರಣೆ ಕೊಡಿ.”

ಒಬ್ಬ ಬಸ್ ಡ್ರೈವರ್ ಹೀಗೆ ಬರೆದಿದ್ದಾರೆ ಅಂದುಕೊಳ್ಳಿ:

“94 ಕೆಜಿ ಇದ್ದೆ, ಈಗ 81. ಹದಿನಾಲ್ಕು ತಿಂಗಳು ಹಿಡಿಯಿತು. ಮೊದಲ ಮೂರು ತಿಂಗಳು ಬರೀ ವಾಕಿಂಗ್. ಆಮೇಲೆ ಜಿಮ್. ನೈಟ್ ಡ್ಯೂಟಿ ಇದ್ದ ದಿನ ಡಿಪೋದಲ್ಲೇ 20 ನಿಮಿಷ ದಂಡ, ಬಸ್ಕಿ. ಮಧ್ಯಾಹ್ನಕ್ಕೆ ಮನೆ ಬುತ್ತಿ: ಎರಡು ಮೊಟ್ಟೆ, ಹೆಸರುಕಾಳು ಪಲ್ಯ, ಚಪಾತಿ. ಸೆಪ್ಟೆಂಬರಲ್ಲಿ ಡೆಂಗ್ಯೂ ಬಂತು, ಆರು ವಾರ ಏನೂ ಮಾಡಲಿಲ್ಲ. ವಾಪಸ್ ಬಂದು ಖಾಲಿ ರಾಡಿನಿಂದ ಶುರು ಮಾಡಿದೆ. ಈಗ ಸ್ಕ್ವಾಟ್ 70 ಕೆಜಿ.”

ಇದಕ್ಕೆ ಸಾಮಾನ್ಯವಾಗಿ ಬರುವುದು “ಸೂಪರ್ ಅಣ್ಣ, ಹೀರೋ ಥರ ಕಾಣ್ತಿದೀರಿ, 13 ಕೆಜಿ!” ಅಂತ. ಪ್ರೀತಿ ಇದೆ. ಆದರೆ ಅವರು ಬರೆದದ್ದನ್ನು ಓದಿದ ಗುರುತೇ ಇಲ್ಲ.

ಈಗ ನಿಧಾನವಾಗಿ ಓದಿ, ಯಾವುದು ನಿಜವಾಗಿ ಕಷ್ಟ ಅಂತ ಹುಡುಕೋಣ. ವಾಕಿಂಗ್ ಒಳ್ಳೆಯದೇ, ಆದರೆ ತುಂಬಾ ಜನ ಮಾಡುತ್ತಾರೆ. 70 ಕೆಜಿ ಸ್ಕ್ವಾಟ್ ಕೂಡ ಒಂದು ಫಲಿತಾಂಶ. ನನ್ನ ಕಣ್ಣು ನಿಲ್ಲುವುದು ಡೆಂಗ್ಯೂ ಆದ ಮೇಲಿನ ಸಾಲಿನ ಮೇಲೆ. ಡೆಂಗ್ಯೂ ಬಿಟ್ಟ ಮೇಲೂ ವಾರಗಟ್ಟಲೆ ಸುಸ್ತು ಇರುತ್ತದೆ. ಆರು ವಾರ ಬಿಟ್ಟು ಜಿಮ್ಮಿಗೆ ಬಂದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ತಪ್ಪು ಮಾಡುತ್ತಾರೆ. ಹಳೆಯ ತೂಕವನ್ನೇ ಎತ್ತಲು ಹೋಗಿ ಸೊಂಟ ಹಿಡಿಸಿಕೊಳ್ಳುತ್ತಾರೆ, ಇಲ್ಲವೇ “ಎಲ್ಲಾ ಹೋಯ್ತು” ಅಂತ ಬಿಟ್ಟೇ ಬಿಡುತ್ತಾರೆ. ಇವರು ಪ್ಲೇಟ್ ಹಾಕದ 20 ಕೆಜಿ ರಾಡನ್ನು ಎತ್ತಿಕೊಂಡರು. ಪಕ್ಕದಲ್ಲಿ ಹುಡುಗರು ನೂರು ಕೆಜಿ ಹಾಕಿರುವಾಗ ಖಾಲಿ ರಾಡ್ ಹಿಡಿಯಲು ಒಂದು ಗಟ್ಟಿ ಮನಸ್ಸು ಬೇಕು. ಜಿಮ್ಮಿನಲ್ಲಿ ನಾವು ಟ್ರೈನರ್‌ಗಳು ಎಷ್ಟು ಹೇಳಿದರೂ ಜನ ಕೇಳದ ಮಾತು ಅದು.

ಎರಡನೆಯದು ಡಿಪೋದ 20 ನಿಮಿಷ. ಜಾಗ ಇಲ್ಲ, ನಿದ್ದೆ ಇಲ್ಲ, ನೋಡುವವರೂ ಯಾರೂ ಇಲ್ಲ. ಮೂರನೆಯದು ಬುತ್ತಿ. ಬಸ್ ಸ್ಟ್ಯಾಂಡಿನ ಬಜ್ಜಿ, ಪರೋಟ ದಾಟಿಕೊಂಡು ಡಬ್ಬಿ ಬಿಚ್ಚಿದ್ದಾರೆ.

ಹಾಗಾಗಿ ನಾನಾದರೆ ಹೀಗೆ ಬರೆಯುತ್ತೇನೆ: “ಡೆಂಗ್ಯೂ ಆದ್ಮೇಲೆ ಖಾಲಿ ರಾಡಿನಿಂದ ಮತ್ತೆ ಶುರು ಮಾಡಿದ್ದು ಓದಿ ತುಂಬಾ ಗೌರವ ಬಂತು ಅಣ್ಣ. ನೈಟ್ ಡ್ಯೂಟಿ ಮಧ್ಯೆ ಡಿಪೋದಲ್ಲಿ ಬಸ್ಕಿ ಹೊಡೆಯೋದು ಎಲ್ಲರ ಕೈಲಾಗಲ್ಲ. ಬೆಳಿಗ್ಗೆ ಆ ಬುತ್ತಿ ಯಾರು ಕಟ್ಟುತ್ತಿದ್ದರು, ನೀವೇನಾ?”

ಕೊನೆಯ ಪ್ರಶ್ನೆ ಸುಮ್ನೆ ಹಾಕಿದ್ದಲ್ಲ. “ನಾನಲ್ಲಪ್ಪ, ನಮ್ಮ ಮನೆಯವಳು ನಾಲ್ಕೂವರೆಗೆ ಏಳುತ್ತಿದ್ದಳು” ಅನ್ನುವ ಉತ್ತರ ಬರಬಹುದು. ಆಗ ಹೊಗಳಿಕೆ ಇನ್ನೊಬ್ಬರಿಗೂ ಸಲ್ಲುತ್ತದೆ. ಒಂದು ಮೈ ಬದಲಾಗಬೇಕಾದರೆ ಮನೆಯಲ್ಲಿ ಯಾರದೋ ನಿದ್ದೆ ಕಡಿಮೆ ಆಗಿರುತ್ತದೆ, ಅದನ್ನು ಯಾರೂ ಕೇಳುವುದಿಲ್ಲ.

“ಬರೀ ಎರಡು ಫೋಟೋ ಇದೆ, ಒಂದಕ್ಷರ ಬರೆದಿಲ್ಲ. ಶ್ರಮ ಹೇಗೆ ಗೊತ್ತಾಗುತ್ತೆ?”

ಫೋಟೋ ನೋಡಿ ಗೊತ್ತಾಗುವುದಿಲ್ಲ. ವ್ಯಾಯಾಮ ಮುಗಿಸಿದ ತಕ್ಷಣ ಸ್ನಾಯುಗಳಿಗೆ ರಕ್ತ ತುಂಬಿ ಉಬ್ಬಿರುತ್ತವೆ. ಆಗ ಎದೆ ಮುಂದೆ ತಂದು, ಹೊಟ್ಟೆ ಒಳಗೆ ಎಳೆದು, ಲೈಟ್ ಕೆಳಗೆ ನಿಂತರೆ ಒಂದೇ ದಿನ ‘ಮೊದಲು’, ‘ಈಗ’ ಎರಡನ್ನೂ ತೆಗೆಯಬಹುದು. ಅವರು ಹಾಗೆ ಮಾಡಿದ್ದಾರೆ ಅಂತ ಅಲ್ಲ. ಫೋಟೋದಿಂದ ಶ್ರಮವನ್ನು ಊಹಿಸಲು ಹೋಗಬಾರದು ಅಂತ ಅಷ್ಟೇ.

ನಿಮ್ಮ ಕಣ್ಣಾರೆ ಕಂಡದ್ದು ಏನಾದರೂ ಇದ್ದರೆ ಅದನ್ನು ಹೇಳಿ. “ಮಳೇಲೂ ಕೆರೆ ಏರಿ ಮೇಲೆ ನಡೀತಿದ್ದದ್ದನ್ನ ನೋಡಿದೀನಿ ಅಕ್ಕ.” ಇಂಥ ಒಂದು ಸಾಲು ಸಾಕು. ಏನೂ ಕಂಡಿಲ್ಲ ಅಂದರೆ ಕೇಳಿ: “ಇದರಲ್ಲಿ ಯಾವುದು ಜಾಸ್ತಿ ಕಷ್ಟ ಆಯ್ತು?” ಈ ಪ್ರಶ್ನೆಗೆ ಜನ ಎಷ್ಟು ಉದ್ದ ಉತ್ತರ ಕೊಡುತ್ತಾರೆ ನೋಡಿ. ಯಾರೂ ಕೇಳಿರುವುದಿಲ್ಲ, ಅದಕ್ಕೆ.

## ಸ್ವಲ್ಪ ಒಳಗೆ ಹೋದರೆ

“ನಂಗೆ ಜಿಮ್ ಬಗ್ಗೆ ಏನೂ ಗೊತ್ತಿಲ್ಲ. ಯಾವುದು ಸುಲಭ, ಯಾವುದು ಕಷ್ಟ ಅಂತ ಹೇಗೆ ತಿಳಿಯೋದು?”

ತೂಕ ಹೇಗೆ ಇಳಿಯುತ್ತದೆ ಅನ್ನುವುದು ಸ್ವಲ್ಪ ಗೊತ್ತಿದ್ದರೆ ಸಾಕು. ಅನ್ನ, ಸಿಹಿ ಒಮ್ಮೆಲೇ ಕಡಿಮೆ ಮಾಡಿದಾಗ ಲಿವರ್ ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಖಾಲಿಯಾಗುತ್ತದೆ. ಗ್ಲೈಕೋಜನ್ ಅಂದರೆ ದೇಹ ದಾಸ್ತಾನು ಇಟ್ಟುಕೊಂಡ ಸಕ್ಕರೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಅದು ಖಾಲಿಯಾದಾಗ ನೀರೂ ಹೋಗುತ್ತದೆ. ಅದಕ್ಕೇ ಮೊದಲ ಹದಿನೈದು ದಿನದಲ್ಲಿ ಎರಡು ಕೆಜಿ ಸರ್ರಂತ ಇಳಿಯುವುದು. ಅದರಲ್ಲಿ ಕೊಬ್ಬಿನ ಪಾಲು ಕಡಿಮೆ. ಈ ಹೊತ್ತಿನಲ್ಲಿ “ಎರಡೇ ವಾರಕ್ಕೆ ಎರಡು ಕೆಜಿ, ಭೇಷ್!” ಅಂದರೆ ಅವರು ಮೂರನೇ ವಾರವೂ ಅಷ್ಟನ್ನೇ ಕಾಯುತ್ತಾರೆ. ಅಷ್ಟು ಬರುವುದಿಲ್ಲ.

ಕಷ್ಟದ ಕಾಲ ಬರುವುದು ಆಮೇಲೆ. ಮೂರನೇ ತಿಂಗಳೋ ಐದನೇ ತಿಂಗಳೋ, ತೂಕದ ಮುಳ್ಳು ಅಲ್ಲೇ ನಿಂತುಬಿಡುತ್ತದೆ. ಹಗುರಾದ ದೇಹಕ್ಕೆ ಕಡಿಮೆ ಶಕ್ತಿ ಸಾಕು. ಕಡಿಮೆ ತಿನ್ನುವವರು ತಮಗೇ ಗೊತ್ತಿಲ್ಲದೆ ಓಡಾಟವನ್ನೂ ಕಡಿಮೆ ಮಾಡಿರುತ್ತಾರೆ. ಮೊದಲು ತೂಕ ಇಳಿಸುತ್ತಿದ್ದ ಊಟ ಈಗ ತೂಕವನ್ನು ಹಾಗೇ ಇಡುತ್ತದೆ. ಇದರ ಮೇಲೆ ಉಪ್ಪು, ಮುಟ್ಟಿನ ದಿನಗಳು, ವ್ಯಾಯಾಮದಿಂದ ನೊಂದ ಸ್ನಾಯು ಇವೆಲ್ಲ ನೀರು ಹಿಡಿದಿಟ್ಟು ಒಂದೆರಡು ಕೆಜಿ ಜಾಸ್ತಿಯನ್ನೇ ತೋರಿಸುತ್ತವೆ. ಫಲ ಕಾಣದೆ ನಾಲ್ಕು ವಾರ ಅದೇ ಕೆಲಸ ಮಾಡುವುದು ಸುಲಭವಲ್ಲ. ಯಾರಾದರೂ “ನಡುವೆ ಒಂದು ತಿಂಗಳು ಏನೂ ಇಳಿಯಲಿಲ್ಲ” ಅಂತ ಹೇಳಿದರೆ, ಹೊಗಳಬೇಕಾದ ಜಾಗ ಅದೇ. “ಮುಳ್ಳು ಅಲ್ಲಾಡದ ಆ ತಿಂಗಳೂ ನೀವು ಬಿಡಲಿಲ್ಲ” ಅನ್ನಿ.

ಇದಲ್ಲದೆ ನಾನು ಗಮನಿಸುವುದು ಹೊತ್ತಿಗೆ ಮಲಗಿದ್ದು, ತಾನೇ ಅಡುಗೆ ಕಲಿತದ್ದು, ಸಾಕು ಅನ್ನಿಸಿದಾಗ ತಟ್ಟೆ ಸರಿಸಿದ್ದು. ಇವ್ಯಾವುವೂ ಫೋಟೋದಲ್ಲಿ ಬರುವುದಿಲ್ಲ.

“‘ನಿಮ್ಮ ಶಿಸ್ತಿಗೆ ಸಲಾಂ’ ಅಂದ್ರೆ ಸಾಕಲ್ವಾ? ಅಷ್ಟೊಂದು ವಿವರ ಯಾಕೆ?”

“ನೀವು ಶಿಸ್ತಿನ ಮನುಷ್ಯ” ಅನ್ನುವುದು ಗುಣದ ಹೊಗಳಿಕೆ. “ನೈಟ್ ಡ್ಯೂಟಿಯಲ್ಲೂ 20 ನಿಮಿಷ ಮಾಡಿದಿರಿ” ಅನ್ನುವುದು ಕೆಲಸದ ಹೊಗಳಿಕೆ. 1998ರಲ್ಲಿ ಕ್ಲಾಡಿಯಾ ಮ್ಯುಲರ್ ಮತ್ತು ಕ್ಯಾರಲ್ ಡ್ವೆಕ್ ಐದನೇ ತರಗತಿ ಮಕ್ಕಳ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಚಿತ್ರದ ಒಗಟು ಬಿಡಿಸಿದ ಮೇಲೆ ಕೆಲವರಿಗೆ ನೀನು ಜಾಣ ಅಂದರು, ಕೆಲವರಿಗೆ ಚೆನ್ನಾಗಿ ಶ್ರಮಪಟ್ಟೆ ಅಂದರು. ಆಮೇಲೆ ಕಷ್ಟದ ಒಗಟು ಕೊಟ್ಟು ಸೋಲಿಸಿದಾಗ, ಜಾಣ ಅನ್ನಿಸಿಕೊಂಡ ಮಕ್ಕಳಿಗೆ ಮುಂದುವರಿಸುವ ಮನಸ್ಸು ಕಡಿಮೆ ಆಯಿತು. ಶ್ರಮದ ಹೊಗಳಿಕೆ ಕೇಳಿದವರಿಗೆ ಆ ಮನಸ್ಸು ಹೆಚ್ಚು ಉಳಿಯಿತು. ಅದು ಮಕ್ಕಳ, ಒಗಟಿನ ವಿಷಯ. ದೊಡ್ಡವರ ಜಿಮ್ಮಿಗೆ ಪೂರ್ತಿ ಹಾಗೇ ಹೊಂದುತ್ತದೆ ಅಂತ ನಾನು ಹೇಳಲಾರೆ. ಆದರೆ “ಶಿಸ್ತಿನ ಸಿಪಾಯಿ” ಅಂತ ಹೆಸರು ಪಡೆದವರು ಒಂದು ವಾರ ತಪ್ಪಿದ ಮೇಲೆ ಮುಖ ತೋರಿಸಲು ನಾಚಿ ಜಿಮ್ ಬಿಟ್ಟದ್ದನ್ನು ನಾನು ನೋಡಿದ್ದೇನೆ.

ನಿಜಕ್ಕೂ ಒಂದು ದಿನ ತಪ್ಪಿದರೆ ಏನೂ ಮುಳುಗುವುದಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರ ಹೊಸ ಅಭ್ಯಾಸಗಳನ್ನು 12 ವಾರ ಹಿಂಬಾಲಿಸಿದರು. ಅಭ್ಯಾಸ ತಾನಾಗಿಯೇ ನಡೆಯುವ ಹಂತಕ್ಕೆ ಬರಲು ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ ಲೆಕ್ಕದ ಪ್ರಕಾರ 254 ದಿನ ಬೇಕಿತ್ತು. ನಡುವಿನ ಅಂಕಿ 66. ಮಧ್ಯೆ ಒಂದು ದಿನ ತಪ್ಪಿದ್ದು ಹೇಳಿಕೊಳ್ಳುವಂಥ ವ್ಯತ್ಯಾಸ ಮಾಡಲಿಲ್ಲ. ಅದಕ್ಕೆ “ಒಂದು ದಿನಾನೂ ಬಿಟ್ಟಿಲ್ಲ, ಗ್ರೇಟ್” ಅನ್ನುವುದಕ್ಕಿಂತ “ಬಿಟ್ಟ ಮೇಲೆ ವಾಪಸ್ ಬಂದಿರಲ್ಲ” ಅನ್ನುವುದು ನನಗೆ ಇಷ್ಟ.

“ಎಷ್ಟು ಕೆಜಿ ಇಳಿಸಿದ್ರಿ ಅಂತ ಕೇಳಬಹುದಾ?”

ಅವರೇ ಹೇಳಿದ್ದರೆ ಆ ಮಾತು ಮುಂದುವರಿಸಿ. ಹೇಳದಿದ್ದರೆ ಬೇಡ. ಮಾತು ಬೆಳೆಸಬೇಕಾದರೆ “ಈಗ ಏನು ಮಾಡೋಕೆ ಆಗುತ್ತೆ, ಮೊದಲು ಆಗ್ತಿರಲಿಲ್ಲ?” ಅಂತ ಕೇಳಿ. ಮೂರನೇ ಮಹಡಿಗೆ ಸಿಲಿಂಡರ್ ಹೊತ್ತದ್ದು, ಮಗಳ ಜೊತೆ ಬೆಟ್ಟ ಹತ್ತಿದ್ದು, ನೆಲದಲ್ಲಿ ಚಕ್ಕಂಬಕ್ಕಳ ಹಾಕಿ ಊಟಕ್ಕೆ ಕೂತದ್ದು, ಇಂಥವು ಹೊರಗೆ ಬರುತ್ತವೆ.

“ಸಣಕಲು ಹುಡುಗ ಮೈ ತುಂಬಿಸಿಕೊಂಡಿದಾನೆ. ಅವನಿಗೂ ಇದೇನಾ?”

ಅವನಿಗೂ ಇದೇ. ತಿನ್ನುವುದೇ ಅವನ ಶ್ರಮ, ಅದು ಹೊರಗಿನವರಿಗೆ ಕಾಣುವುದಿಲ್ಲ. ಹಸಿವಿಲ್ಲದಿದ್ದರೂ ಕಾಲೇಜಿಗೆ ಕಡಲೆಕಾಯಿ, ಬಾಳೆಹಣ್ಣು ಕಟ್ಟಿಕೊಂಡು ಹೋಗಿರುತ್ತಾನೆ. ಸ್ನಾಯು ಬೆಳೆಯುವುದು ಕೊಬ್ಬು ಇಳಿಯುವುದಕ್ಕಿಂತ ನಿಧಾನ, ತಿಂಗಳುಗಟ್ಟಲೆ ಕಣ್ಣಿಗೆ ಬೀಳುವುದಿಲ್ಲ. “ತೋಳು ನೋಡೋ!” ಅನ್ನುವ ಬದಲು “ಆರು ತಿಂಗಳು ಡೈರಿಯಲ್ಲಿ ಸೆಟ್ ಬರ್ಕೊಂಡು ಬಂದಿದೀಯಲ್ಲ ಮಗಾ, ಅದು ದೊಡ್ಡದು” ಅನ್ನಿ.

## ಎಚ್ಚರ ಬೇಕಾದ ಜಾಗಗಳು

“ಕಾಯಿಲೆಯಿಂದ ಸಣ್ಣ ಆಗಿದ್ರೆ? ನಂಗೆ ಹೇಗೆ ಗೊತ್ತಾಗಬೇಕು?”

ಗೊತ್ತಾಗುವುದಿಲ್ಲ. ಮೈ ಹೊಗಳಬೇಡಿ ಅಂತ ನಾನು ಗಟ್ಟಿಯಾಗಿ ಹೇಳಲು ದೊಡ್ಡ ಕಾರಣವೇ ಇದು. ಸಕ್ಕರೆ ಕಾಯಿಲೆ, ಟಿಬಿ, ಥೈರಾಯಿಡ್ ಜಾಸ್ತಿ ಕೆಲಸ ಮಾಡುವುದು, ಕ್ಯಾನ್ಸರ್, ಮನಸ್ಸಿನ ಬೇನೆ ಎಲ್ಲದರಲ್ಲೂ ತೂಕ ಇಳಿಯಬಹುದು. ಮನೆಯಲ್ಲಿ ಸಾವಾದವರೂ ಸೊರಗುತ್ತಾರೆ. ಮದುವೆ ಮನೆಯಲ್ಲಿ ಅಂಥವರನ್ನು ಹಿಡಿದು “ಎಷ್ಟು ಚೆನ್ನಾಗಿ ಸಣ್ಣ ಆಗಿದೀಯ, ಏನ್ ಮಾಡ್ದೆ ಹೇಳು” ಅಂದರೆ ಅವರು ಏನು ಹೇಳಬೇಕು?

ತಾವಾಗಿಯೇ ಫೋಟೋ ಹಂಚಿಕೊಂಡು, ವ್ಯಾಯಾಮ ಮಾಡಿದೆ ಅಂತ ಹೇಳಿದವರಿಗೆ ಮಾತ್ರ ಈ ಪುಟದ ಹೊಗಳಿಕೆ. ಉಳಿದವರಿಗೆ “ಸಿಕ್ಕಿದ್ದು ಖುಷಿ ಆಯ್ತು, ಹೇಗಿದೀರಿ?” ಅಷ್ಟೇ. ಹತ್ತಿರದವರು ಏನೂ ಪ್ರಯತ್ನ ಮಾಡದೆ ಕೆಲವೇ ತಿಂಗಳಲ್ಲಿ ನಾಲ್ಕೈದು ಕೆಜಿ ಇಳಿದಿದ್ದರೆ, ಬಾಯಾರಿಕೆ, ರಾತ್ರಿ ಜ್ವರ, ಬಿಡದ ಕೆಮ್ಮು ಇದ್ದರೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

“ಇಂಜೆಕ್ಷನ್ ತಗೊಂಡು ಇಳಿಸಿದಾರೆ. ಇದರಲ್ಲಿ ಶ್ರಮ ಎಲ್ಲಿದೆ?”

ಈ ಪ್ರಶ್ನೆ ಈಗೀಗ ಜಾಸ್ತಿ ಆಗಿದೆ. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಥರದ ಔಷಧಿ ಹಸಿವನ್ನು ತಗ್ಗಿಸುತ್ತವೆ, ಹೊಟ್ಟೆ ಬೇಗ ತುಂಬಿದಂತೆ ಮಾಡುತ್ತವೆ. ಡಾಕ್ಟರ್ ಬರೆದುಕೊಟ್ಟು ತಗೊಂಡರೆ ಅದು ಚಿಕಿತ್ಸೆ. ಬಿಪಿ ಮಾತ್ರೆ ತಿನ್ನುವವರನ್ನು ಮೋಸ ಮಾಡಿದೆ ಅನ್ನುತ್ತೇವಾ?

ಶ್ರಮವೂ ಇದೆ. ವಾಕರಿಕೆ, ಮಲಬದ್ಧತೆ ತಡೆದುಕೊಳ್ಳಬೇಕು. ಇಳಿಯುವ ತೂಕದಲ್ಲಿ ಸ್ನಾಯುವಿನ ಪಾಲೂ ಇರುತ್ತದೆ. ಅದನ್ನು ಉಳಿಸಿಕೊಳ್ಳಲು ಹಸಿವೇ ಇಲ್ಲದಾಗ ಮೊಟ್ಟೆ, ಬೇಳೆ, ಮೊಸರು, ಮೀನು ತಿನ್ನಬೇಕು, ತೂಕ ಎತ್ತಬೇಕು. ಔಷಧಿ ನಿಲ್ಲಿಸಿದ ಮೇಲಿನ ಕಥೆಯೂ ಇದೆ: ಸೆಮಾಗ್ಲುಟೈಡಿನ ಒಂದು ದೊಡ್ಡ ಅಧ್ಯಯನದಲ್ಲಿ ನಿಲ್ಲಿಸಿದ ಒಂದು ವರ್ಷದೊಳಗೆ ಇಳಿದ ತೂಕದ ಮೂರನೇ ಎರಡರಷ್ಟು ವಾಪಸ್ ಬಂತು. ಅವರು ಔಷಧಿ ವಿಷಯ ಬಚ್ಚಿಡದೆ ಹೇಳಿದ್ದರೆ ಮೊದಲು ಅದನ್ನೇ ಮೆಚ್ಚಿ. ಅದನ್ನು ಓದಿದ ಇನ್ನೊಬ್ಬರು ಬರೀ ಉಪವಾಸದಿಂದ ಹಾಗಾಗುತ್ತೆ ಅಂತ ನಂಬಿ ಒದ್ದಾಡುವುದು ತಪ್ಪುತ್ತದೆ. ಹೇಳದಿದ್ದರೆ “ಇಂಜೆಕ್ಷನ್ನಾ?” ಅಂತ ನಾಲ್ಕು ಜನರ ಎದುರು ಕೇಳಬೇಡಿ.

“ಅವರ ಶಿಸ್ತು ನೋಡಿದ್ರೆ ನಂಗೇ ಭಯ ಆಗುತ್ತೆ. ಅದನ್ನೂ ಹೊಗಳೋದಾ?”

ಬೇಡ. ಶ್ರಮವನ್ನು ಹೊಗಳಬೇಕು ಅನ್ನುವ ಮಾತಿಗೆ ಇರುವ ಮಿತಿ ಇದು. “ಜ್ವರ 102 ಇದ್ರೂ ಜಿಮ್ ಬಿಡಲಿಲ್ಲ”, “ಹಬ್ಬದ ದಿನ ಒಂದು ಹೋಳಿಗೆ ತಿಂದೆ, ಅದಕ್ಕೆ ಎರಡು ಗಂಟೆ ಓಡಿದೆ” ಅಂತ ಹೆಮ್ಮೆಯಿಂದ ಬರೆದಿದ್ದರೆ ಚಪ್ಪಾಳೆ ತಟ್ಟಬೇಡಿ. ಊಟ ಶಿಕ್ಷೆಗೆ ಕಾರಣವಾಗಿದೆ ಅಂದರೆ ವಿಷಯ ಬೇರೆ ದಾರಿ ಹಿಡಿದಿದೆ.

ದೇಹವೂ ಸುಳಿವು ಕೊಡುತ್ತದೆ. ಯಾವಾಗಲೂ ಚಳಿ, ಕೂದಲು ಉದುರುವುದು, ಪದೇ ಪದೇ ಮೂಳೆಯಲ್ಲಿ ನೋವು, ಸಿಡಿಮಿಡಿ, ನಾಲ್ಕು ಜನರ ಜೊತೆ ಊಟಕ್ಕೆ ಕೂರಲು ನೆಪ. ಹೆಣ್ಣುಮಕ್ಕಳಲ್ಲಿ ಮುಟ್ಟು ನಿಲ್ಲುವುದು. ಮಾಡುವ ವ್ಯಾಯಾಮಕ್ಕೆ ತಕ್ಕ ಊಟ ಇಲ್ಲದಾಗ ದೇಹ ಒಂದೊಂದೇ ಕೆಲಸ ನಿಲ್ಲಿಸುತ್ತಾ ಬರುತ್ತದೆ. ಮೂಳೆ ಸವೆಯಲೂ ಶುರುವಾಗುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದನ್ನು ಕ್ರೀಡಾಪಟುಗಳ ಒಂದು ಸಮಸ್ಯೆಯಾಗಿ ಹೆಸರಿಟ್ಟು ಗುರುತಿಸಿತು. ಗಂಡಸರಿಗೂ ಬರುತ್ತದೆ.

ಎಲ್ಲರ ಮುಂದೆ ಬುದ್ಧಿ ಹೇಳಬೇಡಿ. ಫೋನ್ ಮಾಡಿ ಅಥವಾ ಕಾಫಿಗೆ ಕರೆಯಿರಿ. ಮೈ ಮಾತು ಎತ್ತದೆ ಕಂಡದ್ದನ್ನು ಹೇಳಿ: “ಮೂರು ಸಲ ಊಟಕ್ಕೆ ಕರೆದೆ, ಬರಲಿಲ್ಲ. ಸುಸ್ತಾಗಿರೋ ಥರ ಕೇಳಿಸ್ತಿದೀಯ. ಎಲ್ಲಾ ಸರಿ ಇದೆಯಾ?” ಮುಟ್ಟು ನಿಂತು ಮೂರು ತಿಂಗಳಾಗಿದೆ ಅಂತ ಗೊತ್ತಿರುವ ಅಕ್ಕನೋ ಅಮ್ಮನೋ ನೀವಾಗಿದ್ದರೆ ಡಾಕ್ಟರ್ ಹತ್ತಿರ ಜೊತೆಗೇ ಹೋಗಿ.

“ಹೋದ ವರ್ಷ ಹೊಗಳಿದ್ದೆ. ಈಗ ಮತ್ತೆ ದಪ್ಪ ಆಗಿದಾರೆ. ಈಗೇನ್ ಹೇಳೋದು?”

ಮೊದಲು ಒಂದು ಮಾತು ತಿಳಿದಿರಲಿ. ತೂಕ ವಾಪಸ್ ಬರುವುದು ಸೋಮಾರಿತನದಿಂದ ಮಾತ್ರ ಅಲ್ಲ. ಅಮೆರಿಕದಲ್ಲಿ ತೂಕ ಇಳಿಸುವ ಟಿವಿ ಸ್ಪರ್ಧೆಯಲ್ಲಿದ್ದ 14 ಜನರನ್ನು ಕೆವಿನ್ ಹಾಲ್ ಮತ್ತು ಜೊತೆಗಾರರು ಆರು ವರ್ಷದ ನಂತರ ಮತ್ತೆ ಪರೀಕ್ಷೆ ಮಾಡಿದರು. ವರದಿ 2016ರಲ್ಲಿ ಬಂತು. ಸ್ಪರ್ಧೆಯಲ್ಲಿ ಸರಾಸರಿ 58 ಕೆಜಿ ಇಳಿಸಿದ್ದವರು 41 ಕೆಜಿಯಷ್ಟು ವಾಪಸ್ ಪಡೆದಿದ್ದರು. ಆದರೂ ಸುಮ್ಮನೆ ಕೂತಾಗ ಅವರ ದೇಹ ಖರ್ಚು ಮಾಡುತ್ತಿದ್ದ ಶಕ್ತಿ, ಅವರ ಗಾತ್ರಕ್ಕೆ ಇರಬೇಕಾದದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಇತ್ತು. ಅಂದರೆ ಪಕ್ಕದಲ್ಲಿ ಕೂತ ಅದೇ ತೂಕದ ಮನುಷ್ಯ ತಿಂದಷ್ಟೇ ತಿಂದರೂ ಇವರು ದಪ್ಪ ಆಗುತ್ತಾರೆ. ಇಷ್ಟು ವೇಗವಾಗಿ, ಇಷ್ಟೊಂದು ಇಳಿಸಿದವರ ಲೆಕ್ಕ ಇದು. ನಿಧಾನವಾಗಿ ಹತ್ತು ಕೆಜಿ ಇಳಿಸಿದವರಲ್ಲಿ ಇಷ್ಟು ತೀವ್ರ ಇರಲಿಕ್ಕಿಲ್ಲ, ಆದರೆ ಎಳೆತ ಅದೇ ಕಡೆಗೆ.

ನೀವು ಹೋದ ವರ್ಷ ಮೈ ಹೊಗಳಿದ್ದರೆ ಈಗ ಮಾತಾಡಲು ಏನೂ ಉಳಿದಿರುವುದಿಲ್ಲ, ಅವರೂ ನಿಮ್ಮನ್ನು ಕಂಡರೆ ಪಕ್ಕದ ರಸ್ತೆ ಹಿಡಿಯುತ್ತಾರೆ. ಕೆಲಸವನ್ನು ಹೊಗಳಿದ್ದರೆ ಅದನ್ನೇ ಹಿಡಿದು ಮಾತಾಡಬಹುದು. “ಬೆಳಿಗ್ಗೆ ವಾಕಿಂಗ್ ನಡೀತಿದೆಯಾ ಅಣ್ಣ? ಡ್ಯೂಟಿ ಟೈಮ್ ಬದಲಾಯ್ತಂತೆ, ಹೇಗೆ ಹೊಂದಿಸ್ಕೊತಿದೀರಿ?” ತೂಕದ ಮಾತು ನೀವಾಗಿ ತೆಗೆಯಬೇಡಿ. “ಎಲ್ಲಾ ಬಿಟ್ಟಿದೀನಿ ಮಾರಾಯ” ಅಂದರೆ “ಭಾನುವಾರ ನಾನೂ ಬರ್ತೀನಿ, ಕೆರೆ ಸುತ್ತ ಒಂದು ರೌಂಡ್ ಹಾಕೋಣ” ಅನ್ನಿ. ಹೇಳಿದ ಮೇಲೆ ಆರೂವರೆಗೆ ಅಲ್ಲಿರಿ.